ಉಳಿದ ಕೋಣೆಗೆ ಅತಿಥಿ ಬರುವ ಮುನ್ನ

ಈಗೀಗ ನಮ್ಮ ಕಾಸರಗೋಡಿನ ಒಳನಾಡಿನಲ್ಲಿ ಇಬ್ಬರು ರೈತರು ಭೇಟಿಯಾದರೆ ಅಡಿಕೆಯ ಧಾರಣೆಯ ಮಾತು ಮುಗಿದೊಡನೆ ಹೋಂಸ್ಟೇಯ ಮಾತು ಬರುತ್ತದೆ. ಮಕ್ಕಳು ಬೆಂಗಳೂರಿಗೋ ಪರದೇಶಕ್ಕೋ ಹೋಗಿದ್ದಾರೆ. ಹಿರಿಯರು ಕಟ್ಟಿಸಿದ ದೊಡ್ಡ ಮನೆಯಲ್ಲಿ ಒಂದೆರಡು ಕೋಣೆಗಳು ಬೀಗ ಹಾಕಿಕೊಂಡು ಗೆದ್ದಲಿಗೆ ಆಹಾರವಾಗುತ್ತಿವೆ. ಬೇಕಲದ ಕೋಟೆ, ಅನಂತಪುರದ ಕೆರೆಯೊಳಗಿನ ದೇವಾಲಯ, ಮಧೂರು, ಮಂಜೇಶ್ವರದ ಗೋವಿಂದ ಪೈಗಳ ಮನೆ ಇವುಗಳನ್ನು ನೋಡಬಂದವರು ಎಲ್ಲಾದರೂ ಒಂದೆರಡು ರಾತ್ರಿ ತಂಗಲೇಬೇಕು. ಹೀಗಿರಲು ಬೀಗ ತೆಗೆದು ನಾಲ್ಕು ಕಾಸು ಸಂಪಾದಿಸಬಾರದೇಕೆ ಎಂಬ ಯೋಚನೆ ಸಹಜವೇ. ನಾವೂ ಹಾಗೆಯೇ ಯೋಚಿಸಿ 2022ರ ಅಕ್ಟೋಬರಿನಲ್ಲಿ ನಮ್ಮ ಮನೆಯ ಪಡುವಣ ಕೋಣೆಯನ್ನು ಅತಿಥಿಗಳಿಗಾಗಿ ತೆರೆದೆವು. ಮೊದಲ ವರ್ಷ ನಾವು ಮಾಡಿದ ತಪ್ಪುಗಳನ್ನೂ, ಅವುಗಳಿಂದ ನಮ್ಮಲ್ಲಿ ಬೇರೂರಿದ ಅಭಿಪ್ರಾಯವನ್ನೂ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಈ ಕೆಲಸ ಕೆಡುವುದು ಅತಿಥಿಗಳು ಬಾರದೆ ಅಲ್ಲ. ಮನೆಯ ಹೆಂಗಸರ ದುಡಿಮೆಯನ್ನು ಬೆಲೆಯಲ್ಲಿ ಸೇರಿಸದೆ ಕೆಡುತ್ತದೆ. ಹೇಳಬೇಕಾದ ಮಾತನ್ನು ಹಣ ತೆಗೆದುಕೊಳ್ಳುವ ಮುನ್ನ ಹೇಳದೆ ಕೆಡುತ್ತದೆ. ಇವೆರಡೂ ಸರಿಯಾದರೆ ಉಳಿದುದನ್ನು ದಿನಗಳು ಕಲಿಸುತ್ತವೆ.

ನಮ್ಮ ಮೊದಲ ವರ್ಷದ ಕಥೆ ಹೀಗಿದೆ. ಪೇಟೆಯ ಒಂದು ವಸತಿಗೃಹದಲ್ಲಿ ಸಾಧಾರಣ ಕೋಣೆಗೆ 1,000 ರೂಪಾಯಿ ಎಂದು ಕೇಳಿ ತಿಳಿದು, ನಮ್ಮದು ಹಳ್ಳಿಯಲ್ಲವೇ ಎಂದು ನೂರು ಕಡಿಮೆ ಮಾಡಿ ಇಬ್ಬರಿಗೆ ಒಂದು ರಾತ್ರಿಗೆ 900 ರೂಪಾಯಿ ಎಂದೆವು. ಮನೆಗೆ ಬಂದವರಿಗೆ ಊಟ ಹಾಕದೆ ಕಳುಹಿಸುವುದುಂಟೇ ಎಂಬ ಅಭಿಮಾನದಿಂದ ಬೆಳಗಿನ ತಿಂಡಿಯನ್ನೂ ಎರಡು ಹೊತ್ತಿನ ಊಟವನ್ನೂ ಅದರಲ್ಲಿಯೇ ಸೇರಿಸಿದೆವು. ವರ್ಷದಲ್ಲಿ 41 ರಾತ್ರಿ ಜನ ಬಂದರು. 36,900 ರೂಪಾಯಿ ಕೈಗೆ ಬಂತು. ಸಂತೋಷವಾಯಿತು.

ವರ್ಷದ ಕೊನೆಯ ಒಂದು ಸಂಜೆ ನಮ್ಮ ಮನೆಯಾಕೆ ಜಗಲಿಗೆ ಬಂದು, “ತೋಟದ ಲೆಕ್ಕದಲ್ಲಿ ಆಳಿನ ಸಂಬಳ ಬರೆಯುತ್ತೀರಿ. ಈ ಲೆಕ್ಕದಲ್ಲಿ ನನ್ನ ಸಂಬಳ ಎಲ್ಲಿ ಬರೆದಿದ್ದೀರಿ, ತೋರಿಸಿ” ಎಂದಳು. ನಾವು ತೋರಿಸಲಾಗಲಿಲ್ಲ. ಇಬ್ಬರೂ ಕುಳಿತು ಮತ್ತೊಮ್ಮೆ ಬರೆದೆವು. ತಿಂಡಿಯ ಸಾಮಾನಿಗೆ 160, ಎರಡು ಊಟಕ್ಕೆ 400, ಸಾಬೂನು ಹಾಗೂ ಹಾಸುಬಟ್ಟೆ ಒಗೆತಕ್ಕೆ 120, ವಿದ್ಯುತ್ತು, ಗ್ಯಾಸು, ಬಿಸಿನೀರಿಗೆ 100. ಒಟ್ಟು ಒಂದು ರಾತ್ರಿಗೆ 780 ರೂಪಾಯಿ ಕೈಯಿಂದಲೇ ಹೋಗಿತ್ತು. 41 ರಾತ್ರಿಗೆ 31,980. ಉಳಿದುದು 4,920. ಆಕೆ ಒಂದೊಂದು ರಾತ್ರಿಯ ಅತಿಥಿಗಾಗಿ ಅಡಿಗೆ, ಗುಡಿಸಿ ಒರೆಸುವುದು, ಒಗೆಯುವುದು ಎಂದು 7 ಗಂಟೆ ದುಡಿದಿದ್ದಳು. ಎಂದರೆ ವರ್ಷಕ್ಕೆ 287 ಗಂಟೆ. ಭಾಗಿಸಿದರೆ ಗಂಟೆಗೆ 17 ರೂಪಾಯಿ! ತೋಟದಲ್ಲಿ ಕಳೆ ತೆಗೆಯಲು ಬರುವ ಹೆಣ್ಣಾಳಿಗೆ ನಾವು ದಿನಕ್ಕೆ 560, ಅಂದರೆ ಗಂಟೆಗೆ 70 ಕೊಡುತ್ತಿದ್ದೆವು. ಹೊಸ ಸ್ನಾನಗೃಹಕ್ಕೆ ಸುರಿದ ಹಣದಲ್ಲಿ ಒಂದು ಕಾಸೂ ಹಿಂದಕ್ಕೆ ಬಂದಿರಲಿಲ್ಲ. ಶಾಲೆಯಲ್ಲಿ ಮಕ್ಕಳಿಗೆ ಲಾಭನಷ್ಟದ ಲೆಕ್ಕ ಹೇಳಿಕೊಡುವ ನಮಗೆ ಮುಖ ಎತ್ತಲಾಗಲಿಲ್ಲ.

ಅಂದಿನಿಂದ ದರವನ್ನು ಆಕೆಯೇ ಗೊತ್ತುಮಾಡುತ್ತಾಳೆ. ಆಕೆಯ ಲೆಕ್ಕದ ಕ್ರಮವನ್ನು ಇಲ್ಲಿ ಬಿಡಿಸಿ ಹೇಳುತ್ತೇವೆ. ಅಂಕಿಗಳು ನಮ್ಮವು, ಓದುವವರು ತಮ್ಮ ಊರಿನ ಅಂಕಿಗಳನ್ನು ಅವುಗಳ ಜಾಗದಲ್ಲಿ ಇಟ್ಟುಕೊಳ್ಳಬೇಕು.

ಕೋಣೆಗೆ ಹೊಂದಿಸಿ ಪಾಯಿಖಾನೆ, ಸ್ನಾನದ ಮನೆ ಕಟ್ಟಿಸಲು 1,10,000 ರೂಪಾಯಿ ಆಯಿತು. ಹಳೆಯ ಮಂಚದ ದುರಸ್ತಿ, ಹೊಸ ಹಾಸಿಗೆ, ಸೊಳ್ಳೆಪರದೆ, ಫ್ಯಾನು, ವಿದ್ಯುತ್ತಿನ ತಂತಿ, ಮೂರು ಜೊತೆ ಹಾಸುಹೊದಿಕೆ ಇವಕ್ಕೆ 40,000. ಈ ಒಂದೂವರೆ ಲಕ್ಷವನ್ನು ಐದು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 30,000. ವರ್ಷಕ್ಕೆ 60 ರಾತ್ರಿ ಜನ ಬರುವರೆಂದು ಹಿಡಿದರೆ ಒಂದು ರಾತ್ರಿಯ ಪಾಲು 500. ಒಗೆತ ಮತ್ತು ಸಾಬೂನು 120. ವಿದ್ಯುತ್ತು, ಬಿಸಿನೀರು 100. ತಿಂಡಿಯ ಸಾಮಾನು 160. ಊಟವನ್ನು ಬೇರೆ ಮಾಡಿದುದರಿಂದ ದುಡಿಮೆ 5 ಗಂಟೆಗೆ ಇಳಿಯಿತು. ಗಂಟೆಗೆ 70ರಂತೆ 350. ಒಡೆದ ಕೊಳಾಯಿ, ಹರಿದ ಪರದೆ, ಸುಣ್ಣಬಣ್ಣಕ್ಕೆಂದು ತೆಗೆದಿಡುವುದು 100. ಎಲ್ಲವನ್ನೂ ಕೂಡಿದರೆ 1,330 ರೂಪಾಯಿ. ಇದು ನಮ್ಮ ಅಸಲು. ಇದಕ್ಕಿಂತ ಕೆಳಗೆ ಯಾರಿಗೆ ಕೊಟ್ಟರೂ ನಾವೇ ಅವರಿಗೆ ಹಣ ಕೊಟ್ಟು ಮಲಗಿಸಿದಂತೆ.

ಇನ್ನು ದಲ್ಲಾಳಿಯ ಪಾಲು. ಕೋಣೆ ಕಾದಿರಿಸುವ ಜಾಲತಾಣಗಳ ಮೂಲಕ ಬರುವ ಅತಿಥಿಯಿಂದ ನಮಗೆ ಸಿಗುವುದರಲ್ಲಿ ನೂರಕ್ಕೆ 15ನ್ನು ಅವರು ಹಿಡಿದುಕೊಳ್ಳುವಂತೆ ನಮ್ಮ ಒಪ್ಪಂದವಿದೆ. ಈಗ ನಮ್ಮ ದರ 1,800. ಜಾಲತಾಣದ ಅತಿಥಿಯಿಂದ 270 ಕಳೆದು 1,530 ಕೈಗೆ ಬರುತ್ತದೆ, ಲಾಭ 200. ನೇರವಾಗಿ ಬಂದವರಿಂದ ಲಾಭ 470. ಮೊದಲ ಬಾರಿ ಜಾಲತಾಣದ ಮೂಲಕ ಬಂದವರು ಎರಡನೆಯ ಬಾರಿ ತಾವಾಗಿಯೇ ಫೋನು ಮಾಡಿ ಬರುವಂತಿರಬೇಕು. ಊಟ ಬೇಕಾದವರು ಹಿಂದಿನ ದಿನವೇ ಹೇಳಬೇಕು. ಒಬ್ಬರಿಗೆ ಒಂದು ಊಟಕ್ಕೆ 180. ತೋಟದ ಕೆಲಸ ಜೋರಾಗಿರುವ ದಿನ ಊಟವಿಲ್ಲವೆಂದು ಹೇಳಲು ಮನೆಯಾಕೆಗೆ ಪೂರ್ಣ ಅಧಿಕಾರವಿದೆ.

ಈ ಲೆಕ್ಕದಲ್ಲಿ ಮೋಸಹೋಗುವ ಸ್ಥಳ ಒಂದಿದೆ. ಅದು ರಾತ್ರಿಗಳ ಸಂಖ್ಯೆ. 60ರ ಬದಲು 30 ರಾತ್ರಿ ಮಾತ್ರ ಜನ ಬಂದರೆ ಸ್ನಾನಗೃಹದ ಪಾಲು 500ರಿಂದ 1,000ಕ್ಕೆ ಏರುತ್ತದೆ. ಅಸಲು 1,830 ಆಗಿ, 1,800ರ ದರದಲ್ಲಿ ನೇರ ಬಂದ ಅತಿಥಿಯಿಂದಲೂ ನಷ್ಟ. ನಮ್ಮ ಕಡೆ ಜೂನಿನಿಂದ ಆಗಸ್ಟಿನವರೆಗೆ ಮಳೆಗೆ ಹೆದರಿ ಬರುವವರು ಕಡಿಮೆ. ಉಳಿದ ತಿಂಗಳುಗಳಲ್ಲಿಯೂ ಶನಿವಾರ, ಭಾನುವಾರ ಮತ್ತು ರಜೆಗಳಷ್ಟೇ ನೆಚ್ಚತಕ್ಕವು. ಆದುದರಿಂದ ಕಟ್ಟಿಸುವ ಮೊದಲು ಪಂಚಾಂಗ ಹಿಡಿದು ಖಂಡಿತವಾಗಿ ಜನ ಬರಬಹುದಾದ ದಿನಗಳನ್ನು ಎಣಿಸಿ, ಬಂದ ಸಂಖ್ಯೆಯನ್ನು ಅರ್ಧ ಮಾಡಿ ಲೆಕ್ಕಕ್ಕೆ ಹಿಡಿಯುವುದು ಕ್ಷೇಮ. ಸಾಲ ಮಾಡಿ ಮೂರು ನಾಲ್ಕು ಕೋಣೆ ಏರಿಸಿದವರ ಗೋಳನ್ನು ನಾವು ನೋಡಿದ್ದೇವೆ. ಇರುವ ಒಂದು ಕೋಣೆ, ಕೈಯಲ್ಲಿರುವ ಹಣ. ಮೊದಲ ಎರಡು ವರ್ಷ ಇದಕ್ಕೆ ಮೀರಿ ಹೋಗಬಾರದು.

ಇನ್ನೊಂದು ಸೂಕ್ಷ್ಮ ನಮಗೆ ತಡವಾಗಿ ತಿಳಿಯಿತು. ಖರ್ಚು ಏರುವುದು ಅತಿಥಿ ಇರುವುದರಿಂದಲ್ಲ, ಬದಲಾಗುವುದರಿಂದ. ಅದೇ ದಂಪತಿಗಳು ಎರಡನೆಯ ರಾತ್ರಿಯೂ ಉಳಿದರೆ ಹಾಸುಬಟ್ಟೆ ಒಗೆಯಬೇಕಿಲ್ಲ, ಕೋಣೆ ತೊಳೆಯಬೇಕಿಲ್ಲ. 120 ರೂಪಾಯಿಯ ಒಗೆತವೂ ಎರಡು ಗಂಟೆಯ ದುಡಿಮೆ 140ಯೂ ಉಳಿಯುತ್ತವೆ. ಅಸಲು 1,070ಕ್ಕೆ ಇಳಿಯುತ್ತದೆ. ಅದಕ್ಕಾಗಿ ಎರಡನೆಯ ರಾತ್ರಿಗೆ 1,600 ಎಂದು ನಾವಾಗಿಯೇ ಕಡಿಮೆ ಮಾಡಿದೆವು. ಅತಿಥಿಗೂ ಸಂತೋಷ, ನಮಗೂ ಮೊದಲ ರಾತ್ರಿಗಿಂತ ಹೆಚ್ಚು ಲಾಭ. ದರ ಇಳಿಸಿರೆಂದು ಚೌಕಾಸಿ ಮಾಡುವವರಿಗೆ ನಮ್ಮ ಉತ್ತರ ಒಂದೇ: “ಇನ್ನೊಂದು ರಾತ್ರಿ ಉಳಿಯಿರಿ, ಇಳಿಸುತ್ತೇವೆ.”

ಕಾನೂನಿನ ಮಾತನ್ನು ಚಿಕ್ಕದಾಗಿ ಹೇಳಿ ಮುಂದೆ ಹೋಗುತ್ತೇವೆ. ಕೇರಳದ ಪ್ರವಾಸೋದ್ಯಮ ಇಲಾಖೆ ಹೋಂಸ್ಟೇಗಳನ್ನು ಡೈಮಂಡ್, ಗೋಲ್ಡ್, ಸಿಲ್ವರ್ ಎಂದು ಮೂರು ದರ್ಜೆಗಳಲ್ಲಿ ವರ್ಗೀಕರಿಸುತ್ತದೆ. ಮನೆಯವರು ಅದೇ ಮನೆಯಲ್ಲಿ ವಾಸವಾಗಿರಬೇಕು, ಬಾಡಿಗೆಯ ಕೋಣೆಗಳು ಆರನ್ನು ಮೀರಬಾರದು. ಇತರ ರಾಜ್ಯಗಳಲ್ಲಿರುವ ವಾಚಕರು ತಮ್ಮ ಜಿಲ್ಲೆಯ ಪ್ರವಾಸೋದ್ಯಮ ಕಚೇರಿಯಲ್ಲಿ ವಿಚಾರಿಸಿಕೊಳ್ಳಬೇಕು. ಬಂದವರೆಲ್ಲರ ಹೆಸರು, ವಿಳಾಸ, ಗುರುತುಚೀಟಿಯ ವಿವರಗಳನ್ನು ಒಂದು ದಪ್ಪ ಪುಸ್ತಕದಲ್ಲಿ ಬರೆದು ಸಹಿ ಹಾಕಿಸಿಕೊಳ್ಳಬೇಕು. ಪರದೇಶದವರು ಬಂದರೆ 24 ಗಂಟೆಯೊಳಗೆ ಅವರ ವರದಿಯನ್ನು ಸರಕಾರದ ಜಾಲತಾಣದಲ್ಲಿ ತುಂಬಬೇಕು. ಮರೆತರೆ ತೊಂದರೆ ಅತಿಥಿಗಲ್ಲ, ಮನೆಯವರಿಗೆ. ನಮ್ಮಂತೆ ಸಂಬಳದ ಉದ್ಯೋಗದಲ್ಲಿರುವವರು ತಮ್ಮ ಸೇವಾನಿಯಮಗಳನ್ನು ನೋಡಿಕೊಂಡು, ಮೇಲಿನವರಿಗೆ ಬರೆದು ತಿಳಿಸಿಯೇ ಕೈಹಾಕತಕ್ಕದ್ದು. ನಮ್ಮಲ್ಲಿ ಎಲ್ಲ ಕಾಗದಪತ್ರಗಳೂ ಮನೆಯಾಕೆಯ ಹೆಸರಿನಲ್ಲಿವೆ. ದುಡಿಯುವವಳು ಅವಳೇ ಆದ್ದರಿಂದ ಅದು ನ್ಯಾಯವೂ ಆಗಿದೆ.

ಈಗ ಮನೆಯ ನಿಯಮಗಳಿಗೆ ಬರೋಣ. ಮೊದಲ ವರ್ಷದ ಡಿಸೆಂಬರಿನಲ್ಲಿ ಇಬ್ಬರೆಂದು ಹೇಳಿ ಕಾದಿರಿಸಿದವರು ಆರು ಮಂದಿ ಬಂದಿಳಿದರು. ರಾತ್ರಿ ಹನ್ನೊಂದು ಗಂಟೆ, ಹೊರಗಟ್ಟುವುದು ಹೇಗೆ? ನೆಲದ ಮೇಲೆ ಚಾಪೆ ಹಾಸಿಕೊಟ್ಟೆವು. ನಮ್ಮ ಮನೆಗೆ ನೀರು ಗುಡ್ಡದ ಮುರಕಲ್ಲನ್ನು ಅಡ್ಡವಾಗಿ ಕೊರೆದ ಸುರಂಗದಿಂದ ಬರುತ್ತದೆ. ಈ ಸೀಮೆಯವರಿಗೆ ಅದು ಗೊತ್ತಿದ್ದುದೇ. ಸಣ್ಣಗೆ ಹರಿದು ಬಂದು ತೊಟ್ಟಿ ತುಂಬಲು ಇಡೀ ರಾತ್ರಿ ಬೇಕು. ಬೆಳಗ್ಗೆ ಏಳು ಗಂಟೆಗೆ ಆರು ಮಂದಿಯ ಸ್ನಾನ ಮುಗಿಯುವಷ್ಟರಲ್ಲಿ ತೊಟ್ಟಿ ಬರಿದಾಯಿತು. ನಮ್ಮ ತಾಯಿಯವರು ಸ್ನಾನವಿಲ್ಲದೆ, ಪೂಜೆಯಿಲ್ಲದೆ ಮಧ್ಯಾಹ್ನದವರೆಗೆ ಕುಳಿತರು; ದನಗಳಿಗೆ ಕೊಡದಲ್ಲಿ ನೀರು ಹೊತ್ತೆವು. ಕೋಪ ಬಂದುದು ನಿಜ. ಆದರೆ ಯೋಚಿಸಿದರೆ ತಪ್ಪು ನಮ್ಮದೇ. ಹೆಚ್ಚು ಜನ ಬರಬಾರದೆಂದಾಗಲಿ, ನೀರು ಅಳತೆಯದೆಂದಾಗಲಿ ನಾವು ಅವರಿಗೆ ಹೇಳಿಯೇ ಇರಲಿಲ್ಲ.

ಆ ಸಿಟ್ಟಿನಲ್ಲಿ ಹದಿನಾಲ್ಕು ನಿಯಮಗಳನ್ನು ಬರೆದು ಗೋಡೆಗೆ ಅಂಟಿಸಿದೆವು. ಯಾರೂ ಓದಲಿಲ್ಲ, ಓದಿದವರು ಸೆರೆಮನೆಗೆ ಬಂದಂತೆ ಮುಖ ಮಾಡಿದರು. ತರಗತಿಯಲ್ಲಿಯೂ ಹಾಗೆಯೇ ಅಲ್ಲವೇ? ಅಧ್ಯಾಪಕರ ತರಬೇತಿಯಲ್ಲಿ ನಮಗೆ ಕಲಿಸಿದ್ದರು: ನಿಯಮ ಸ್ವಲ್ಪವಿರಲಿ, ಪ್ರತಿಯೊಂದಕ್ಕೂ ಕಾರಣವಿರಲಿ, ಪಾಲಿಸದಿದ್ದರೆ ಏನೆಂಬುದು ಮೊದಲೇ ತಿಳಿದಿರಲಿ. ಅದನ್ನು ನೆನಪಿಗೆ ತಂದುಕೊಂಡು ಹದಿನಾಲ್ಕನ್ನು ಆರಕ್ಕೆ ಇಳಿಸಿದೆವು.

ಮೊದಲನೆಯದು, ಇಬ್ಬರು ದೊಡ್ಡವರು, ಒಂದು ಮಗು. ಮೂರನೆಯ ದೊಡ್ಡವರಿಗೆ ಹಾಸಿಗೆಯೊಂದಿಗೆ 400. ಅದಕ್ಕೂ ಹೆಚ್ಚು ಜನರಿಗೆ ಸ್ಥಳವಿಲ್ಲ. ಎರಡನೆಯದು, ನೀರು ಸುರಂಗದ್ದು, ಸ್ನಾನ ಬಾಲ್ದಿಯಲ್ಲಿ. ಮೂರನೆಯದು, ಮನೆಯೊಳಗೂ ಅಂಗಳದಲ್ಲಿಯೂ ಮದ್ಯ, ಸಿಗರೇಟು ಇಲ್ಲ, ಊಟ ಸಸ್ಯಾಹಾರ. ನಾಲ್ಕನೆಯದು, ಕೆರೆಗೆ ಇಳಿಯಬಾರದು, ಸುರಂಗದೊಳಗೆ ಹೋಗಬಾರದು. ಕೆರೆಯ ಪಾಚಿಗಟ್ಟಿದ ಮೆಟ್ಟಿಲು ಜಾರುತ್ತದೆ, ಸುರಂಗದೊಳಗೆ ಗಾಳಿ ಸಾಲದು. ಐದನೆಯದು, ರಾತ್ರಿ ಹತ್ತರ ಮೇಲೆ ಗದ್ದಲವಿಲ್ಲ, ಮನೆಯಲ್ಲಿ ಓದುವ ಮಕ್ಕಳಿದ್ದಾರೆ. ಆರನೆಯದು, ಮನೆಯವರ ಹಾಗೂ ಆಳುಗಳ ಚಿತ್ರವನ್ನು ಕೇಳದೆ ತೆಗೆಯಬಾರದು.

ಇವುಗಳಲ್ಲಿ ನೀರಿನ ನಿಯಮವನ್ನು ಬಾಯಿಯಿಂದ ಮಾತ್ರ ಹೇಳಿದರೆ ಸಾಲದೆಂದು ಅತಿಥಿಯ ಸ್ನಾನದ ಮನೆಗೆ 300 ಲೀಟರಿನ ಬೇರೆ ತೊಟ್ಟಿಯನ್ನೇ ಇರಿಸಿದೆವು. ಅದು ಮುಗಿದರೆ ಅವರಿಗೇ ತಿಳಿಯುತ್ತದೆ. ಮನೆಯ ನೀರಿಗೆ ಕೈ ತಾಗುವುದಿಲ್ಲ. ಎಪ್ರಿಲ್ ನಡುವಿನಿಂದ ಮಳೆ ಬೀಳುವವರೆಗೆ ಕೋಣೆಯನ್ನು ಮುಚ್ಚಿಯೇ ಬಿಡುತ್ತೇವೆ. ಬೇಸಗೆಯ ರಜೆಯಲ್ಲಿ ಕೇಳುವವರು ಬಹಳ. ಆದರೆ ಅಡಿಕೆಯ ಗಿಡಕ್ಕೆ ಬಿಡಬೇಕಾದ ನೀರನ್ನು ಅತಿಥಿಯ ಸ್ನಾನಕ್ಕೆ ಬಿಟ್ಟು ಗಳಿಸುವ 1,800 ರೂಪಾಯಿ ತೋಟದವನಿಗೆ ದುಬಾರಿ.

ನಿಯಮ ನಮಗೂ ಇದೆ. ಅತಿಥಿ ಇರುವಾಗ ಬಾಗಿಲು ತಟ್ಟದೆ ಕೋಣೆಗೆ ಹೋಗಬಾರದು. ನಮ್ಮ ನಂಟರಿಷ್ಟರು ಬಂದರೆಂದು ಕೋಣೆಯನ್ನು ಕೊನೆಯ ಗಳಿಗೆಯಲ್ಲಿ ಕಿತ್ತುಕೊಳ್ಳಬಾರದು. ಸಂಬಳವೆಷ್ಟು, ಮಕ್ಕಳೆಷ್ಟು, ಜಾತಿ ಯಾವುದು ಎಂದು ಕೆದಕಬಾರದು. ಈ ಕೊನೆಯದನ್ನು ಒತ್ತಿ ಹೇಳಬೇಕಾಗಿದೆ. ಮಡಿ ಪಾಲಿಸುವ ಹಿರಿಯರು ನಮ್ಮ ಮನೆಯಲ್ಲಿಯೂ ಇದ್ದಾರೆ. ಅದಕ್ಕಾಗಿಯೇ ಅಂಗಳದಿಂದ ನೇರವಾಗಿ ಬಾಗಿಲಿರುವ ಪಡುವಣ ಕೋಣೆಯನ್ನು ಆರಿಸಿ, ಚಾವಡಿಯ ಕಡೆಯ ಬಾಗಿಲನ್ನು ಒಳಗಿನಿಂದ ಮುಚ್ಚಿದೆವು. ಮನೆಯ ಆಚಾರ ಮನೆಯವರಿಗೆ, ಅತಿಥಿಯ ಸ್ವಾತಂತ್ರ್ಯ ಅತಿಥಿಗೆ. ಹೆಸರು ನೋಡಿ ಕೋಣೆ ಕೊಡುವ, ಕೊಡದಿರುವ ಮನಸ್ಸಿರುವವರು ಈ ಕೆಲಸಕ್ಕೆ ಕೈಹಾಕಬಾರದು ಎಂಬುದು ನಮ್ಮ ಖಚಿತವಾದ ಮತ.

ಉಳಿದುದು ಅತಿಥಿಯೊಂದಿಗಿನ ಮಾತು. ಫೋನಿನಲ್ಲಿ ಹೇಳಿದ್ದು ಇಬ್ಬರಿಗೂ ಬೇರೆ ಬೇರೆಯಾಗಿ ನೆನಪಿರುತ್ತದೆ. ಆದುದರಿಂದ ಮುಖ್ಯವಾದುದೆಲ್ಲ ವಾಟ್ಸಾಪಿನಲ್ಲಿ ಬರಹದಲ್ಲಿರಬೇಕು. ನಾವು ಮೂರು ಬಾರಿ ಬರೆಯುತ್ತೇವೆ.

ಯಾರಾದರೂ ಕೋಣೆ ಕೇಳಿದೊಡನೆ ಮೊದಲನೆಯದು: “ನಮಸ್ಕಾರ. ಆ ದಿನ ಕೋಣೆ ಖಾಲಿ ಇದೆ. ಎಷ್ಟು ಮಂದಿ, ಮಕ್ಕಳಿದ್ದರೆ ವಯಸ್ಸೆಷ್ಟು, ಎಷ್ಟು ಗಂಟೆಗೆ ತಲಪುತ್ತೀರಿ, ರಾತ್ರಿಯ ಊಟ ಬೇಕೇ, ದಯವಿಟ್ಟು ತಿಳಿಸಿ. ಇದು ನಾವು ವಾಸವಾಗಿರುವ ತೋಟದ ಮನೆ. ಎ.ಸಿ. ಇಲ್ಲ. ಕೊನೆಯ ಒಂದು ಮೈಲಿ ಮಣ್ಣಿನ ದಾರಿ. ಕರೆಂಟು ಆಗಾಗ ಹೋಗುತ್ತದೆ. ಕೋಣೆಯೊಳಗೆ ಮೊಬೈಲಿನ ಸಿಗ್ನಲ್ ಸಿಗುವುದಿಲ್ಲ, ಅಂಗಳದಲ್ಲಿ ಸಿಗುತ್ತದೆ.” ಕೊರತೆಗಳನ್ನು ಮೊದಲೇ ಹೇಳಿದರೆ ಜನ ಓಡಿಹೋಗುವರೆಂದು ನಮ್ಮ ನೆರೆಯವರು ನಕ್ಕರು. ಹತ್ತರಲ್ಲಿ ಮೂವರು ಓಡಿಹೋಗುವುದು ನಿಜ. ಆದರೆ ಬಂದು ಮುನಿಸಿಕೊಂಡು ಜಾಲತಾಣದಲ್ಲಿ ಕೆಟ್ಟದಾಗಿ ಬರೆಯತಕ್ಕವರು ಆ ಮೂವರೇ. ಉಳಿದವರು ಕರೆಂಟು ಹೋದಾಗ “ನೀವು ಹೇಳಿದ್ದಿರಲ್ಲ” ಎಂದು ಜಗಲಿಗೆ ಬಂದು ಕುಳಿತುಕೊಳ್ಳುತ್ತಾರೆ.

ಎರಡನೆಯದರಲ್ಲಿ ದರ, ಆರು ನಿಯಮಗಳು, ಮುಂಗಡ, ರದ್ದತಿಯ ಕ್ರಮ. ಮುಂಗಡ ಅರ್ಧ ಹಣ. ಏಳು ದಿನ ಮೊದಲೇ ಬೇಡವೆಂದರೆ ಮುಂಗಡವನ್ನು ಪೂರ್ತಿಯಾಗಿ, ಮೂರು ದಿನ ಮೊದಲಾದರೆ ಅದರ ಅರ್ಧವನ್ನು ಹಿಂದೆ ಕೊಡುತ್ತೇವೆ. ಅದಕ್ಕೂ ತಡವಾದರೆ ಇಲ್ಲ. ಮಳೆಯ ರೆಡ್ ಅಲರ್ಟ್ ಬಂದರೆ ಯಾವ ದಿನವಾದರೂ ಪೂರ್ತಿ ಹಣ ಹಿಂದಕ್ಕೆ. “ನಿಯಮಗಳು ಒಪ್ಪಿಗೆ” ಎಂದು ಅವರು ಬರೆದು ಕಳುಹಿಸಿದ ಮೇಲೆಯೇ ಮುಂಗಡ ತೆಗೆದುಕೊಳ್ಳುತ್ತೇವೆ, ಮೊದಲಲ್ಲ. ಹಣ ತೆಗೆದುಕೊಂಡ ಮೇಲೆ ಹೇಳುವ ನಿಯಮ ಜಗಳವಾಗುತ್ತದೆ. ಮೊದಲು ಹೇಳಿದ ನಿಯಮ ಕರಾರಾಗುತ್ತದೆ. ಕಳೆದ ವರ್ಷ ಒಬ್ಬರು ಸಂಜೆ ಅಂಗಳದಲ್ಲಿ ಸೀಸೆ ತೆರೆದಾಗ ನಾವು ಒಂದು ಮಾತೂ ಆಡದೆ ಅವರೇ ಬರೆದ “ಒಪ್ಪಿಗೆ”ಯನ್ನು ತೋರಿಸಿದೆವು. ನಕ್ಕು ಮುಚ್ಚಿಟ್ಟರು.

ಮೂರನೆಯದು ಬರುವ ಹಿಂದಿನ ದಿನ, ದಾರಿಯ ವಿವರ. ಫೋನಿನ ನಕಾಶೆ ನಮ್ಮ ಮನೆಗೆ ತೋಡಿನ ಆಚೆಯಿಂದ ಹತ್ತಿರದ ದಾರಿ ತೋರಿಸುತ್ತದೆ. ಅಲ್ಲಿರುವುದು ಅಡಿಕೆಮರದ ಕಾಲುಸಂಕ! ಒಬ್ಬರು ಕತ್ತಲಲ್ಲಿ ಕಾರನ್ನು ಅಲ್ಲಿಯವರೆಗೆ ತಂದು ಹಿಂದೆ ತಿರುಗಿಸಲಾಗದೆ ಒಂದು ಗಂಟೆ ಒದ್ದಾಡಿದರು. ಈಗ ನಾವು ಶಾಲೆ, ಹಾಲಿನ ಡಿಪೋ, ಅಶ್ವತ್ಥಕಟ್ಟೆ ಎಂದು ತಿರುವು ತಿರುವಿಗೂ ಗುರುತು ಬರೆದು, ಮೂರು ಚಿತ್ರಗಳನ್ನು ಕೂಡ ಕಳುಹಿಸುತ್ತೇವೆ. ಸಂಜೆ ಆರರ ಒಳಗೆ ಬಂದರೆ ಒಳ್ಳೆಯದೆಂದೂ ಸೇರಿಸುತ್ತೇವೆ. ಮೂರು ಬರಹಗಳನ್ನೂ ಕನ್ನಡ, ಮಲಯಾಳ, ಇಂಗ್ಲಿಷುಗಳಲ್ಲಿ ಒಮ್ಮೆ ಬರೆದಿಟ್ಟುಕೊಂಡರೆ ಮತ್ತೆ ಕಷ್ಟವಿಲ್ಲ. ಗಡಿಯಲ್ಲಿ ಹುಟ್ಟಿದ ನಮಗೆ ಎರಡು ಮೂರು ಭಾಷೆ ಬರುವುದು ಈ ಕೆಲಸದಲ್ಲಿ ಕಾಸು ಖರ್ಚಿಲ್ಲದ ಬಂಡವಾಳ.

ಎರಡನೆಯ ವರ್ಷ 1,800ರ ದರದಲ್ಲಿ 38 ರಾತ್ರಿ ಮಾತ್ರ ಜನ ಬಂದರು. ಮೊದಲಿಗಿಂತ ಮೂರು ಕಡಿಮೆ. ಐದು ವರ್ಷದಲ್ಲಿ ಹಿಂದಕ್ಕೆ ಬರಬೇಕೆಂದ ಒಂದೂವರೆ ಲಕ್ಷಕ್ಕೆ ಈ ಸಂಖ್ಯೆ ಸಾಲದೆಂದು ನಾವು ಮುಚ್ಚಿಡದೆ ಹೇಳುತ್ತೇವೆ. ಅದಕ್ಕಿಂತ ಹೆಚ್ಚು ಕಾಲ ಹಿಡಿದೀತು. ಆದರೆ ಗಂಟೆಗೆ 70ರಂತೆ ಮನೆಯಾಕೆಯ ದುಡಿಮೆಯ ಹಣ ಮೊದಲು ಅವಳ ಖಾತೆಗೆ ಹೋಗಿ, ಅನಂತರ ಉಳಿದುದು ಮನೆಗೆ ಬರುತ್ತದೆ. ಅದಕ್ಕೇ ಈ ಕೋಣೆ ಇನ್ನೂ ತೆರೆದಿದೆ.

ಕೋಣೆಯ ಬೀಗ ತೆಗೆಯಲು ಹೊರಟಿರುವ ಬಾಂಧವರು ಗಾರೆಯವನನ್ನು ಕರೆಯುವ ಮೊದಲು ಮನೆಯಾಕೆಯನ್ನು ಕರೆದು, ಕಾಗದ ಮತ್ತು ಪೆನ್ನನ್ನು ಅವಳ ಕೈಗೆ ಕೊಡಲಿ. ಆಕೆ ಬರೆದ ಅಸಲಿಗೆ ನಿಮ್ಮ ಊರಿನಲ್ಲಿ ಜನ ಸಿಗುವುದಾದರೆ ಕಟ್ಟಿಸಿರಿ; ಸಿಗದಿದ್ದರೆ ಆ ಕೋಣೆಯಲ್ಲಿ ಚಾಲಿ ಅಡಿಕೆಯ ಗೋಣಿ ತುಂಬಿಡಿರಿ. ಅದಕ್ಕೂ ಒಂದು ಕೋಣೆ ಬೇಕೇ ಬೇಕು. ಈಗಾಗಲೇ ನಡೆಸುತ್ತಿರುವವರು ತಮ್ಮ ಲೆಕ್ಕವನ್ನು ಈ ಪುಟಕ್ಕೆ ಬರೆದು ಕಳುಹಿಸಿದರೆ ನಮಗೂ ತಿದ್ದಿಕೊಳ್ಳಲು ಅನುಕೂಲವಾದೀತು.